ಕೊನೇ ಮಾತು ಏಳುನೂರ ಐವತ್ತು

ಕೋಲಜ್ಜ ಅಂದರೆ ಕೋಲೂರಿಕೊಂಡು ನಡೆಯುವ ಅಜ್ಜ ಅಂದುಕೊಂಡರೆ ನೀವು ಮೋಸ ಹೋದಿರಿ. ಅರವತ್ತೆಂಟು ತುಂಬಿದ್ದರೂ ಆ ಮನುಷ್ಯನ ಮೊಣಕಾಲು ಕಲ್ಲುಗುಂಡಿನ ಹಾಗಿತ್ತು. ಅವರು ಊರುಗೋಲು ಮಾಡಿ ಮಾರುವವರು. ಬೀದಿಯ ಮಕ್ಕಳು ಇಟ್ಟ ಹೆಸರು ಕೋಲಜ್ಜ, ದೊಡ್ಡವರ ಬಾಯಲ್ಲೂ ಅದೇ ನಿಂತುಬಿಟ್ಟಿತ್ತು.

ಅಂಗಡಿ ಹತ್ತಡಿ ಅಗಲ. ಎಡಗಡೆ ಗೋಡೆಗೆ ಒರಗಿಸಿಟ್ಟ ಕೋಲುಗಳು, ಬಲಗಡೆ ಕೆಲಸದ ಮೇಜು, ಮೇಜಿನ ಮೇಲೆ ಉಳಿ, ಗರಗಸ, ಅಂಟಿನ ಡಬ್ಬ, ಎಣ್ಣೆಯ ಬಟ್ಟೆ. ಹಿಂದೆ ಒಂದು ಪರದೆ, ಪರದೆಯ ಆಚೆ ಒಂದೇ ಕೋಣೆಯ ಮನೆ. ಅಂಗಡಿಯಿಂದ ಮನೆಗೆ ಹೋಗಲು ನಾಲ್ಕು ಹೆಜ್ಜೆ ಸಾಕು. ಹೆಂಡತಿ ತೀರಿಕೊಂಡು ಒಂದೂವರೆ ವರ್ಷವಾಗಿತ್ತು. ಅವತ್ತಿನಿಂದ ಆ ನಾಲ್ಕು ಹೆಜ್ಜೆ ಹಾಕಲು ಅಜ್ಜನಿಗೆ ಬೇಜಾರು. ಮಧ್ಯಾಹ್ನದ ಊಟವನ್ನೂ ತಟ್ಟೆ ತಂದು ಮೇಜಿನ ಮೇಲೆ, ಮರದ ಹೊಟ್ಟಿನ ನಡುವೆಯೇ ಮುಗಿಸುತ್ತಿದ್ದರು.

ಒಂಟಿತನ ಅಂದರೆ ಏನು ಅಂತ ಅಜ್ಜನನ್ನು ಕೇಳಿದ್ದರೆ ಅವರು ಗಂಟಲಿನ ಕಥೆ ಹೇಳುತ್ತಿದ್ದರು. ಬೆಳಿಗ್ಗೆ ಎದ್ದಾಗಿನಿಂದ ಯಾರ ಹತ್ತಿರವೂ ಮಾತಾಡಿರುವುದಿಲ್ಲ. ಹನ್ನೊಂದು ಗಂಟೆಗೆ ಯಾರೋ ಬಂದು "ಇದೆಷ್ಟು?" ಅಂತಾರೆ. ಉತ್ತರ ಹೇಳಲು ಬಾಯಿ ತೆರೆದರೆ ಮೊದಲ ಪದ ಬರುವುದೇ ಇಲ್ಲ, ತುಕ್ಕು ಹಿಡಿದ ಬಾಗಿಲಿನ ಹಾಗೆ ಕಿರ್ರ್ ಅನ್ನುತ್ತದೆ. ಅದಕ್ಕೇ ಅವರು ಅಂಗಡಿ ತೆರೆದ ಕೂಡಲೆ ಎರಡು ಸಲ ಕೆಮ್ಮಿ, "ಒಂಬೈನೂರು, ಒಂಬೈನೂರು" ಅಂತ ತಮಗೆ ತಾವೇ ಹೇಳಿ ಗಂಟಲನ್ನು ಹದ ಮಾಡಿಕೊಳ್ಳುತ್ತಿದ್ದರು. ನಗಬೇಡಿ. ಒಂದು ದಿನ ನೀವೂ ಮಾಡೀರಿ.

ವ್ಯಾಪಾರ ಕೆಟ್ಟಿತ್ತು. ಬೀದಿಯ ತುದಿಯಲ್ಲಿ ಗಾಜಿನ ಬಾಗಿಲಿನ ದೊಡ್ಡ ಅಂಗಡಿ ಬಂದಿತ್ತಲ್ಲ, ಅಲ್ಲಿ ಎಲ್ಲದಕ್ಕೂ ಚೀಟಿ ಅಂಟಿಸಿರುತ್ತಾರೆ. ಚೀಟಿ ನೋಡು, ದುಡ್ಡು ಕೊಡು, ನಡಿ. "ಈಗಿನ ಜನಕ್ಕೆ ಚೌಕಾಸಿ ಮಾಡೋ ಪುರುಸೊತ್ತೇ ಇಲ್ಲ" ಅನ್ನುವುದು ಅಜ್ಜನ ದೂರು. "ಬರ್ತಾರೆ, ಒಂದೆರಡು ಮಾತಾಡ್ತಾರೆ, ಅರ್ಧಕ್ಕೇ ಎದ್ದು ಹೋಗಿಬಿಡ್ತಾರೆ. ಮೊದಲೆಲ್ಲ ಹೀಗಿರಲಿಲ್ಲ." ಹಾಗೆ ಅರ್ಧಕ್ಕೆ ಎದ್ದು ಹೋದವರ ಸಂಖ್ಯೆ ಒಂದೂವರೆ ವರ್ಷದಿಂದ ಏರುತ್ತಲೇ ಇತ್ತು. ಅದು ಕಾಲದ ದೋಷ ಅಂತ ಅಜ್ಜ ತೀರ್ಮಾನಿಸಿದ್ದರು.

ಅಜ್ಜನ ಲೆಕ್ಕದಲ್ಲಿ ಮೊದಲು ಹೇಳುವ ಬೆಲೆ ಬೆಲೆಯೇ ಅಲ್ಲ. ಅದು "ಬನ್ನಿ, ಕೂತ್ಕೊಳ್ಳಿ" ಅನ್ನುವುದರ ಇನ್ನೊಂದು ರೂಪ. ಕೊಳ್ಳುವವರು ಅದರ ಅರ್ಧ ಹೇಳಬೇಕು, ಅಜ್ಜ ಎದೆ ಮೇಲೆ ಕೈಯಿಟ್ಟು "ಅಯ್ಯೋ, ಮರದ ದುಡ್ಡೂ ಹುಟ್ಟಲ್ಲ" ಅನ್ನಬೇಕು. ಆಮೇಲೆ ಇವರು ನೂರು ಇಳಿಯಬೇಕು, ಅವರು ನೂರು ಏರಬೇಕು. ಅದಾದ ಮೇಲೆ ಐವತ್ತು. ಹೆಜ್ಜೆ ಚಿಕ್ಕದಾಗುತ್ತಾ ಬಂತು ಅಂದರೆ ಮನೆ ಹತ್ತಿರ ಬಂತು ಅಂತ ಅರ್ಥ. ಆ ಹೊತ್ತಿಗೆ, ತಮಗೆ ಗಿಟ್ಟುವ ಬೆಲೆಗಿಂತ ಐವತ್ತು ಮೇಲೆಯೇ ನಿಂತು, ಅಜ್ಜ ಗಟ್ಟಿಯಾಗಿ "ಕೊನೇ ಮಾತು" ಅನ್ನುತ್ತಿದ್ದರು. ಅದನ್ನು ಕೇಳಿದವರು ಕೋಲನ್ನು ಒರಗಿಸಿಟ್ಟು ಹೊರಡುವ ಹಾಗೆ ಮಾಡಬೇಕು. ಹೊರಟೇಬಿಡಬಾರದು, ಹೊರಡುವ ಹಾಗೆ. ಅಷ್ಟು ಮರ್ಯಾದೆ ಇಬ್ಬರಿಗೂ ಇರಬೇಕು.

ಒಂದು ಸೋಮವಾರ ಬೆಳಿಗ್ಗೆ ಒಬ್ಬ ಪ್ರವಾಸಿ ಹೆಂಗಸು ಬಂದರು. ಸುಮಾರು ಅರವತ್ತು ವಯಸ್ಸು, ಕುಳ್ಳಗಿನ ಆಳು, ಕತ್ತರಿಸಿದ ನರೆಗೂದಲು, ಜಿಪ್ ಕಿತ್ತುಹೋದ ಬೆನ್ನುಚೀಲ, ಎಡ ಮೊಣಕಾಲಿಗೆ ಸುತ್ತಿದ ಪಟ್ಟಿ. ಒಬ್ಬರೇ. ಕೈಯಲ್ಲಿ ಒಂದು ಚಿಕ್ಕ ಪುಸ್ತಕ, ಪ್ರವಾಸಿಗರಿಗೆ ಮಾತು ಕಲಿಸುವಂಥದ್ದು.

"ಮಾನ್ಯರೇ," ಅಂದರು ಆಕೆ, ಅಕ್ಕಿಯಲ್ಲಿ ಕಲ್ಲು ಆರಿಸುವವರ ಹಾಗೆ ಒಂದೊಂದೇ ಪದ ಹೆಕ್ಕಿ. "ನಾನು ಕೋಟೆ ಹತ್ತಬೇಕು. ಮುನ್ನೂರು ಮೆಟ್ಟಿಲು. ನನ್ನ ಕಾಲು ಒಪ್ಪುವುದಿಲ್ಲ."

ಮಾನ್ಯರೇ! ಹುಟ್ಟಿದಾಗಿನಿಂದ ಅಜ್ಜನನ್ನು ಯಾರೂ ಹಾಗೆ ಕರೆದಿರಲಿಲ್ಲ. ಅಜ್ಜ ಅಂಗಿಯ ಹೊಟ್ಟು ಕೊಡವಿಕೊಂಡು ಎದ್ದು ನಿಂತರು.

"ಬನ್ನಿ ಅಮ್ಮಾವ್ರೇ. ಕಾಲು ಒಪ್ಪಲ್ವಾ? ಒಪ್ಪಿಸೋಣ. ನೋವು ಯಾವ ಕಾಲು, ಎಡಗಾಲಾ?"

ಆಕೆ ತಲೆಯಾಡಿಸಿ, ಗೋಡೆಯಿಂದ ಒಂದು ಕೋಲು ತೆಗೆದು ಎಡಗೈಯಲ್ಲೇ ಹಿಡಿದು ಊರಿದರು. ಎಲ್ಲರೂ ಮಾಡುವ ತಪ್ಪೇ ಅದು.

"ಊಹೂಂ. ಬಲಗೈ, ಬಲಗೈ." ಅಜ್ಜ ಕೋಲನ್ನು ಆಕೆಯ ಬಲಗೈಗೆ ಬದಲಿಸಿದರು. "ನೋಯೋ ಕಾಲು ಮುಂದಿಡುವಾಗ ಆಚೆ ಕೈಯಿನ ಕೋಲೂ ಜೊತೇಲೇ ಮುಂದೆ ಹೋಗ್ಬೇಕು. ಆಗ ಮೈಭಾರ ಹಂಚಿಹೋಗತ್ತೆ. ಈಗ ನಡೀರಿ ನೋಡೋಣ."

ಆಕೆ ಅಂಗಡಿಯೊಳಗೆ ಅತ್ತಿಂದಿತ್ತ ನಾಲ್ಕು ಸಲ ನಡೆದರು. ಮುಖದಲ್ಲಿದ್ದ ನೋವಿನ ಗೆರೆ ಸಡಿಲವಾಯಿತು. "ಓ!" ಅಂದರು.

ಆ ಒಂದು "ಓ" ಕೇಳಿ ಅಜ್ಜನಿಗೆ ಹೊಟ್ಟೆ ತುಂಬಿದಂತಾಯಿತು. ಆಕೆಯನ್ನು ಚಪ್ಪಲಿ ಹಾಕಿಕೊಂಡೇ ನೆಟ್ಟಗೆ ನಿಲ್ಲಿಸಿ, ತೋಳು ಸಡಿಲ ಬಿಡಲು ಹೇಳಿ, ಮಣಿಕಟ್ಟಿನ ಗೆರೆಯಿಂದ ನೆಲದವರೆಗೆ ಅಳತೆಪಟ್ಟಿ ಹಿಡಿದು ಅಳೆದರು. ಕೋಲಿನ ಹಿಡಿ ಸರಿಯಾಗಿ ಆ ಗೆರೆಯ ಮಟ್ಟಕ್ಕೆ ಬರಬೇಕು. ಎತ್ತರವಾದರೆ ಭುಜ ನೋಯುತ್ತದೆ, ಗಿಡ್ಡವಾದರೆ ಸೊಂಟ ಬಾಗುತ್ತದೆ. ಕೋಲನ್ನು ಕತ್ತರಿಸುವುದು ಬುಡದಿಂದ, ಅದೂ ಬುಡಕ್ಕೆ ಹಾಕುವ ರಬ್ಬರ್ ಟೋಪಿಯ ದಪ್ಪ ಕಳೆದು. ಆಕೆ ಆರಿಸಿದ ಕೋಲಿನಲ್ಲಿ ಅರ್ಧ ಗೇಣು ಹೋಗಬೇಕಾಗಿತ್ತು. ಅಜ್ಜ ಪೆನ್ಸಿಲಿನಿಂದ ಗುರುತು ಹಾಕಿದರು. ಕತ್ತರಿಸುವುದು ಮಾತ್ರ ಬೆಲೆ ಕುದುರಿದ ಮೇಲೆ. ಕತ್ತರಿಸಿದ ಕೋಲು ಆ ಒಂದು ಮೈಗೇ ಸೇರಿದ್ದು, ಇನ್ನೊಬ್ಬರಿಗೆ ಆಗಿಬರುವುದಿಲ್ಲ. ನಲವತ್ತು ವರ್ಷದಲ್ಲಿ ಅಜ್ಜ ಆ ನಿಯಮ ಮುರಿದಿರಲಿಲ್ಲ.

"ಬೆಲೆ ಎಷ್ಟು, ಮಾನ್ಯರೇ?"

"ಒಂಬೈನೂರು."

ಆಕೆ ಪುಸ್ತಕದ ಪುಟ ತಿರುಗಿಸಿದರು. ಬೆರಳಿಟ್ಟು ಓದಿದರು. ತಲೆಯೆತ್ತಿ ನಗುತ್ತಾ, "ಐನೂರು" ಅಂದರು.

ಅಜ್ಜನ ಜೀವ ಚಿಗುರಿತು. ಬಲ್ಲವಳು! ಎದೆ ಮೇಲೆ ಕೈಯಿಟ್ಟರು. "ಅಯ್ಯೋ ಅಮ್ಮಾವ್ರೇ, ಮರದ ದುಡ್ಡೂ ಹುಟ್ಟಲ್ಲ. ಎಂಟುನೂರು ಮಾಡ್ಕೊಳ್ಳಿ."

"ಆರುನೂರು."

"ಈ ಹಿಡಿ ನೋಡಿ. ಬರೀ ಅಂಟು ಹಾಕಿ ಮೊಳೆ ಹೊಡೆದಿದ್ದಲ್ಲ. ಮರದ್ದೇ ಗೂಟ ಕೂರಿಸಿದೀನಿ ಒಳಗೆ. ನೀವು ಜೋತುಬಿದ್ರೂ ಅಲ್ಲಾಡಲ್ಲ."

ಆಕೆ ನಿಜವಾಗಿಯೂ ಸ್ವಲ್ಪ ಜೋತುಬಿದ್ದು ನೋಡಿದರು. ಅಲ್ಲಾಡಲಿಲ್ಲ. ಇಬ್ಬರೂ ನಕ್ಕರು. ಅಂಗಡಿಯಲ್ಲಿ ಎರಡು ನಗು ಒಟ್ಟಿಗೆ ಕೇಳಿ ಎಷ್ಟು ಕಾಲವಾಗಿತ್ತೋ.

"ಏಳುನೂರು," ಅಂದರು ಆಕೆ. ಆಮೇಲೆ ಪುಸ್ತಕ ನೋಡಿ, ತುಂಬ ಎಚ್ಚರಿಕೆಯಿಂದ, "ಇದು ನನ್ನ ಕೊನೇ ಮಾತು."

ಆಹಾ! ಅಜ್ಜನಿಗೆ ಚಪ್ಪಾಳೆ ತಟ್ಟಬೇಕು ಅನ್ನಿಸಿತು. ಎಂಥ ಪಳಗಿದ ಕೈ! ತಮ್ಮ ಮನಸ್ಸಿನಲ್ಲಿದ್ದ ಬೆಲೆಯೂ ಏಳುನೂರೇ. ಆದರೆ ಆಟದಲ್ಲಿ ಇನ್ನೊಂದು ಸುತ್ತು ಬಾಕಿ ಇತ್ತಲ್ಲ. ಇಷ್ಟು ದಿನದ ಮೇಲೆ ಸಿಕ್ಕ ಆಟಗಾತಿಯನ್ನು ಅಷ್ಟು ಬೇಗ ಕಳಿಸಲು ಯಾರಿಗೆ ಮನಸ್ಸು ಬರುತ್ತದೆ?

"ಏಳುನೂರ ಐವತ್ತು," ಅಂದರು ಅಜ್ಜ, ಸೊಂಟದ ಮೇಲೆ ಕೈಯಿಟ್ಟು. "ನನ್ನದೂ ಕೊನೇ ಮಾತು."

ಆಕೆಯ ಮುಖದ ನಗು ಇಳಿಯಿತು. ಸಿಟ್ಟೇನೂ ಇರಲಿಲ್ಲ. ಬಸ್ಸು ಹೋಗಿಬಿಟ್ಟಿದೆ ಅಂತ ತಿಳಿದವರ ಮುಖದಂತಿತ್ತು. ಕೋಲನ್ನು ಗೋಡೆಗೆ ಮೆಲ್ಲಗೆ ಒರಗಿಸಿ, ಅದರ ಹಿಡಿಯನ್ನೊಮ್ಮೆ ಸವರಿ, "ಧನ್ಯವಾದಗಳು, ಮಾನ್ಯರೇ" ಅಂತ ತಲೆಬಾಗಿ ಹೊರಟರು.

ಅಜ್ಜ ಮೀಸೆಯಡಿ ನಕ್ಕು ಕಾದರು. ಹೊಸ್ತಿಲಿನಲ್ಲಿ ತಿರುಗಬೇಕಿತ್ತು, ತಿರುಗಲಿಲ್ಲ. ಎದುರುಗಡೆ ದರ್ಜಿ ಅಂಗಡಿಯ ಹತ್ತಿರ ಚಪ್ಪಲಿ ಸರಿಮಾಡಿಕೊಳ್ಳುವ ನೆಪದಲ್ಲಿ ನಿಲ್ಲಬೇಕಿತ್ತು, ನಿಲ್ಲಲಿಲ್ಲ. ಕುಂಟುತ್ತಾ ಹೋಗಿ ಮೂಲೆಯಲ್ಲಿ ಮರೆಯಾದರು.

"ಗಟ್ಟಿಗಿತ್ತಿ," ಅಂದರು ಅಜ್ಜ ಕೋಲಿಗೆ. "ಸಂಜೆ ಬರ್ತಾಳೆ ನೋಡು."

ಎಷ್ಟು ನಂಬಿಕೆ ಅಂದರೆ, ಅಜ್ಜ ಅವತ್ತು ನಲವತ್ತು ವರ್ಷದ ನಿಯಮ ಮುರಿದರು. ಸಂಜೆ ಬಂದವರನ್ನು ಕಾಯಿಸುವುದು ಯಾಕೆ ಅಂತ, ಗುರುತಿನ ಮೇಲೆ ಗರಗಸ ಇಟ್ಟು ಕೋಲು ಕತ್ತರಿಸಿಯೇಬಿಟ್ಟರು. ಬುಡ ಉಜ್ಜಿ, ರಬ್ಬರ್ ಟೋಪಿ ಕೂರಿಸಿ, ಎಣ್ಣೆ ಬಟ್ಟೆಯಲ್ಲಿ ಮೂರು ಸಲ ಒರೆಸಿ, ಮೇಜಿನ ಮೇಲೆ ಮಲಗಿಸಿದರು. ಬಂದಾಗ "ನೋಡಿ, ನೀವು ಬರ್ತೀರ ಅಂತ ಗೊತ್ತಿತ್ತು" ಅಂತ ಹೇಳಬೇಕು, ಆಕೆ ನಗಬೇಕು. ಇಷ್ಟೇ ಅವರ ಆಸೆ.

ಸಂಜೆ ಆಕೆ ಬರಲಿಲ್ಲ.

ಮಂಗಳವಾರ ಬೆಳಿಗ್ಗೆ ಅದೇ ಬೀದಿಯಲ್ಲಿ ಹಾದುಹೋದರು. ಅಜ್ಜ ಕೋಲು ಹಿಡಿದು ಹೊಸ್ತಿಲಿಗೆ ಬಂದರು. ಏನೋ ಒಂದು ಮಾತಾಡಬೇಕು, ಕರೆಯಬೇಕು. ಆದರೆ ಮೊದಲು ಕರೆದವನೇ ಸೋತ ಹಾಗೆ ಅನ್ನುವುದು ಕಸುಬಿನ ಮಾತು, ಅದು ಗಂಟಲಿಗೆ ಅಡ್ಡ ಕೂತಿತು. ಕೊನೆಗೆ ಕಣ್ಣು ಮಿಟುಕಿಸಿ, ತಮಾಷೆಗೆ, "ಏನಮ್ಮಾವ್ರೇ, ಕೊನೇ ಮಾತು ಏಳುನೂರ ಐವತ್ತು!" ಅಂದರು.

"ಗೊತ್ತು, ಮಾನ್ಯರೇ. ನೆನಪಿದೆ," ಅಂದರು ಆಕೆ ಗಂಭೀರವಾಗಿ. "ಕ್ಷಮಿಸಿ." ಮತ್ತೆ ತಲೆಬಾಗಿ ನಡೆದರು.

ಕ್ಷಮಿಸಿಯಂತೆ! ಅಜ್ಜ ಕೋಲು ಹಿಡಿದು ನಿಂತೇ ಇದ್ದರು. ಬೀದಿಯಲ್ಲಿ ಹೋಗುತ್ತಿದ್ದವರೊಬ್ಬರು, "ಏನಜ್ಜ, ನಿಮಗೇ ಬೇಕಾಯ್ತಾ ಕೋಲು?" ಅಂದರು. ಅಜ್ಜ ಒಳಗೆ ಹೋದರು.

ಬುಧವಾರ ಆಕೆ ಬೀದಿಯ ಆಚೆ ಬದಿಯಲ್ಲಿ ನಡೆದರು. ಆಚೆ ಬದಿಯಲ್ಲಿ! ಅಂಗಡಿಯ ಮುಂದೆ ಹಾಯುವುದಕ್ಕೇ ಸಂಕೋಚ ಅನ್ನುವ ಹಾಗೆ. ಅಜ್ಜನಿಗೆ ಅನ್ನ ಸೇರಲಿಲ್ಲ. ನಾನೇನು ತಪ್ಪು ಮಾಡಿದೆ? ನಕ್ಕಿದ್ದು ಹೆಚ್ಚಾಯಿತಾ? ಕೈ ಹಿಡಿದು ಕೋಲು ಬದಲಿಸಿದ್ದು ತಪ್ಪಾಯಿತಾ? ಕತ್ತರಿಸಿದ ಕೋಲು ಮೇಜಿನ ಮೇಲೆ ಬಿದ್ದಿತ್ತು. ಬಂದ ಇಬ್ಬರು ಗಿರಾಕಿಗಳು ಅದನ್ನು ಎತ್ತಿ ನೋಡಿ, "ಇದೇನ್ರೀ, ಮಕ್ಕಳಿಗಾ?" ಅಂದು ಕೆಳಗಿಟ್ಟರು. ಅವರಲ್ಲೊಬ್ಬ ಬೇರೆ ಕೋಲಿಗೆ ಚೌಕಾಸಿ ಮಾಡಿ, ಅಜ್ಜ ಕೊನೇ ಮಾತು ಅಂದ ಮೇಲೆ ಒಂದು ಗಳಿಗೆ ಪರದೆಯ ಕಡೆ ನೋಡುತ್ತಾ ನಿಂತು, ಹೋಗಿಬಿಟ್ಟ.

ಅವತ್ತು ಸಂಜೆ, ಶುಕ್ರವಾರ ಮಧ್ಯಾಹ್ನದ ಬಸ್ಸಿಗೆ ಆಕೆ ಹೊರಡುವವರು ಅನ್ನುವ ಸುದ್ದಿ ಎದುರಂಗಡಿಯ ದರ್ಜಿಯಮ್ಮನಿಂದ ಬಂತು. ಆಕೆಯ ಚೀಲಕ್ಕೆ ಹೊಸ ಜಿಪ್ ಹಾಕಲು ಅಲ್ಲಿ ಕೊಟ್ಟಿದ್ದರಂತೆ, ಹೊರಡುವ ಮುಂಚೆ ಒಯ್ಯುತ್ತಾರಂತೆ. "ಪಾಪ, ಕೋಟೆ ಅರ್ಧವೇ ಹತ್ತಿ ಇಳಿದ್ರಂತೆ ಅಜ್ಜ. ಕಾಲು ಊದಿದೆ," ಅಂದಳು ದರ್ಜಿಯಮ್ಮ.

ಅರ್ಧ ಹತ್ತಿ ಇಳಿದರಂತೆ. ಕೋಲು ಇಲ್ಲಿ ಮಲಗಿದೆ. ಐವತ್ತಕ್ಕೋಸ್ಕರ. ಗುರುವಾರ ಇಡೀ ದಿನ ಅಜ್ಜ ಒಂದೇ ಕೆಲಸ ಮಾಡಿದರು, ತಮ್ಮನ್ನು ತಾವು ಬೈದುಕೊಂಡರು.

ದರ್ಜಿಯಮ್ಮನಿಗೆ ಒಂಬತ್ತು ವರ್ಷದ ಮಗಳು. ಬೀದಿಯಲ್ಲಿ ಅವಳ ಹೆಸರು ಗುಂಡುಸೂಜಿ. ದರ್ಜಿಯ ಮಗಳು ಅಂತಲೂ ಹೌದು, ಮಾತು ಚುಚ್ಚುತ್ತದೆ ಅಂತಲೂ ಹೌದು. ಶುಕ್ರವಾರ ಹತ್ತು ಗಂಟೆಗೆ ಪ್ರವಾಸಿ ಅಮ್ಮ ಚೀಲ ಒಯ್ಯಲು ಬಂದಾಗ ಗುಂಡುಸೂಜಿ ಗುಂಡಿ ಡಬ್ಬದ ಮುಂದೆ ಕೂತಿದ್ದಳು. ಎದುರುಗಡೆ ಅಜ್ಜ ಉಳಿ ಹಿಡಿದು ಏನನ್ನೂ ಕೆತ್ತದೆ ಇತ್ತಲೇ ನೋಡುತ್ತಿದ್ದರು. ಬೀದಿ ಕಿರಿದು, ಆಡಿದ ಮಾತೆಲ್ಲ ಕೇಳುತ್ತಿತ್ತು.

"ನೀವು ಯಾಕೆ ಕೋಲು ತಗೊಳ್ಳಲಿಲ್ಲ?" ಅಂತ ಕೇಳಿಯೇಬಿಟ್ಟಳು ಹುಡುಗಿ. "ಕೋಲಜ್ಜ ನಿಮಗೋಸ್ಕರ ಕತ್ತರಿಸಿಟ್ಟು ದಿನಾ ಕಾಯ್ತಾ ಇದಾರೆ."

"ನನಗೋಸ್ಕರ?" ಆಕೆಗೆ ಅರ್ಥವಾಗಲಿಲ್ಲ. "ಇಲ್ಲ ಮಗು. ಮಾನ್ಯರು ಕೋಲು ಕೊಡುವುದಿಲ್ಲ. ಕೊನೇ ಮಾತು ಹೇಳಿದ್ದಾರೆ."

"ಹೇಳಿದ್ರೆ?"

ಆಕೆ ಪುಸ್ತಕ ತೆಗೆದು ಆ ಪುಟವನ್ನೇ ತೋರಿಸಿದರು. ಕೆಳಗೆ ಚಿಕ್ಕ ಅಕ್ಷರದಲ್ಲಿ ಇಲ್ಲಿಯ ಲಿಪಿಯೂ ಇತ್ತು. ಗುಂಡುಸೂಜಿ ಕಾಗುಣಿತ ಹಿಡಿದು ಜೋರಾಗಿ ಓದಿದಳು: "ಕೊನೇ ಮಾತು. ಇದನ್ನು ಹೇಳಿದ ಮೇಲೆ ಚೌಕಾಸಿ ಮುಗಿಯಿತು. ಮತ್ತೆ ಕೇಳುವುದು ಅವಮಾನ ಮಾಡಿದ ಹಾಗೆ." ಓದಿ ಮುಗಿಸಿ ಹಣೆ ಚಚ್ಚಿಕೊಂಡಳು. "ಅಯ್ಯೋ ರಾಮ! ಇದನ್ನ ಬರೆದೋರು ಒಂದು ಪೆನ್ಸಿಲ್ ಆದ್ರೂ ಕೊಂಡಿದಾರಾ?"

ಆಕೆಯ ಕೈ ಹಿಡಿದು ದರದರ ಎಳೆದುಕೊಂಡು ಬೀದಿ ದಾಟಿಸಿ ಅಂಗಡಿಯೊಳಗೆ ತಂದು ನಿಲ್ಲಿಸಿದಳು. ಅಜ್ಜ ಎದ್ದರು. ಗಂಟಲು ಕಿರ್ರ್ ಅಂದಿತು.

"ಅಜ್ಜ, ಸುಮ್ನಿರಿ, ನಾನು ಹೇಳ್ತೀನಿ," ಅಂದಳು ಹುಡುಗಿ. ಆಕೆಯ ಕಡೆ ತಿರುಗಿ, ಬೆರಳು ಮಡಚುತ್ತಾ, ನಿಧಾನವಾಗಿ ಬಿಡಿಸಿ ಹೇಳಿದಳು. "ನೋಡಿ. ಒಂಬೈನೂರು, ಸುಳ್ಳು. ಎಂಟುನೂರು, ಸುಳ್ಳು. ಏಳುನೂರ ಐವತ್ತು ಕೊನೇ ಮಾತು, ಅದೂ ಸುಳ್ಳು. ಮೋಸದ ಸುಳ್ಳಲ್ಲ, ಕಣ್ಣಾಮುಚ್ಚಾಲೆ ಆಡುವಾಗ ಕಣ್ಣು ಮುಚ್ಕೊಂಡಿದೀನಿ ಅಂತಾರಲ್ಲ, ಅಂಥದ್ದು. ಕೊನೇ ಮಾತು ಅಂದ್ರೆ 'ಇನ್ನು ಸ್ವಲ್ಪವೇ ಉಳಿದಿದೆ, ಹೋಗ್ಬೇಡಿ' ಅಂತ."

"ಹೋಗಬೇಡಿ?"

"ಹೂಂ. ಹೋಗ್ಬೇಡಿ." ಆಮೇಲೆ ಅಜ್ಜನ ಕಡೆ ತಿರುಗಿದಳು. "ಅಜ್ಜ, ಇವರ ಪುಸ್ತಕದಲ್ಲಿ ಕೊನೇ ಮಾತು ಅಂದ್ರೆ ಕೊನೇ ಮಾತೇ. ಏಳುನೂರು ಅಂದಿದ್ದು ನಿಜವಾಗ್ಲೂ ಏಳುನೂರೇ. ಆಮೇಲೆ ಹತ್ತು ಜಾಸ್ತಿ ಕೊಟ್ರೂ ಮೊದಲು ಸುಳ್ಳು ಹೇಳಿದ ಹಾಗಾಗತ್ತೆ. ಅದಕ್ಕೇ ಹೊರಟುಹೋದ್ರು. ನಿಮಗೆ ಬೇಜಾರಾಗ್ಬಾರ್ದು ಅಂತ ಆಚೆ ಕಡೆಯಿಂದ ನಡೀತಿದ್ರು."

ಆಕೆ ಜೋರಾಗಿ ತಲೆಯಾಡಿಸಿದರು. ಅಜ್ಜನಿಗೆ ಹಣೆಯ ಮೇಲಿನ ಬೆವರು ಒರೆಸಿಕೊಳ್ಳಬೇಕಾಯಿತು. ನಾಲ್ಕು ದಿನ! ನಾಲ್ಕು ದಿನ ಇಬ್ಬರೂ ಒಬ್ಬರಿಗೊಬ್ಬರು ಮರ್ಯಾದೆ ಕೊಡುತ್ತಾ ಕೂತಿದ್ದರು, ಕಾಲು ಊದಿದ್ದು ಮಾತ್ರ ಲಾಭ.

ಆಕೆಗೆ ಇನ್ನೂ ಒಂದು ಸಂಶಯ. ಪುಸ್ತಕದ ಅಂಚಿನಲ್ಲಿ ಬರೆದುಕೊಳ್ಳಲು ಪೆನ್ನು ತೆಗೆದು ಕೇಳಿದರು. "ಹಾಗಾದರೆ, ಮಗು, ನಿಜವಾಗಿ ಮುಗಿಯುವುದು ಯಾವಾಗ? ಹೇಗೆ ತಿಳಿಯುತ್ತದೆ?"

"ಅದು ಸುಲಭ," ಅಂದಳು ಗುಂಡುಸೂಜಿ. "ಅಜ್ಜ ಕೊನೇ ಮಾತು ಅಂತಾರೆ. ಆಗ ಪರದೆ ಹಿಂದಿನಿಂದ ಅಜ್ಜಿ, 'ಹೋಗ್ಲಿ ಕೊಟ್ಟುಬಿಡ್ರೀ, ಪಾಪ, ಅಷ್ಟು ದೂರದಿಂದ ಬಂದಿದಾರೆ' ಅಂತಾರೆ. ಪಕ್ಕದ ಬೀದಿಯಿಂದ ಬಂದಿದ್ರೂ ಹಾಗೇ ಅಂತಾರೆ. ಆಗ ಅಜ್ಜ ಐವತ್ತು ಇಳಿಸಿ ಕೊಡ್ತಾರೆ. ಮುಗೀತು."

ಆಕೆ ಬರೆದುಕೊಂಡರು. ಪರದೆಯ ಕಡೆ ನೋಡಿ ನಕ್ಕು, "ದಯವಿಟ್ಟು ಕರೆಯಿರಿ ಅವರನ್ನು," ಅಂದರು.

"ಅಜ್ಜಿ ತೀರ್ಕೊಂಡ್ರು."

ಆಕೆಯ ಪೆನ್ನು ನಿಂತಿತು. "ಈಗ ಯಾರು ಹೇಳುತ್ತಾರೆ?"

"ಯಾರೂ ಹೇಳಲ್ಲ," ಅಂದಳು ಹುಡುಗಿ ಭುಜ ಕುಣಿಸಿ. "ಅಜ್ಜ ಕೊನೇ ಮಾತು ಅಂತಾರೆ, ಬಂದೋರು ಸ್ವಲ್ಪ ಹೊತ್ತು ಕಾಯ್ತಾರೆ, ಆಮೇಲೆ ಹೋಗಿಬಿಡ್ತಾರೆ."

ಅಜ್ಜ ಮೇಜಿನ ಅಂಚು ಹಿಡಿದುಕೊಂಡರು. ಬುಧವಾರ ಪರದೆ ನೋಡುತ್ತಾ ನಿಂತಿದ್ದ ಆ ಮನುಷ್ಯ ಕಣ್ಣ ಮುಂದೆ ಬಂದ. ಅದಕ್ಕೂ ಮುಂಚೆ ಬಂದವರು, ಒಂದೂವರೆ ವರ್ಷದಲ್ಲಿ ಅರ್ಧಕ್ಕೆ ಎದ್ದು ಹೋದವರೆಲ್ಲ, ಒಬ್ಬೊಬ್ಬರಾಗಿ ಬಂದು ನಿಂತರು. ಕಾಲ ಕೆಟ್ಟಿರಲಿಲ್ಲ. ಜನ ಕೆಟ್ಟಿರಲಿಲ್ಲ. ಎಲ್ಲರೂ ಒಂದು ದನಿಗೆ ಕಾಯುತ್ತಿದ್ದರು, ಬರಲಿಲ್ಲ, ಹೋದರು. ನಲವತ್ತು ವರ್ಷ ಅಂಗಡಿಯಲ್ಲಿ ವ್ಯಾಪಾರ ಮಾಡಿದವನು ನಾನು ಅಂತ ಎದೆ ತಟ್ಟಿಕೊಂಡಿದ್ದೇ ಬಂತು. ನಾನು ಮಾತಿಗೆ ಗಂಟು ಹಾಕುತ್ತಿದ್ದೆ, ಗಂಟು ಬಿಚ್ಚುತ್ತಿದ್ದವಳು ಅವಳು. ನನ್ನ ಅಂಗಡಿಯಲ್ಲಿ ಏನು ನಡೆಯುತ್ತಿತ್ತು ಅಂತ ಗೊತ್ತಿಲ್ಲದಿದ್ದವನು ಇಡೀ ಬೀದಿಗೆ ನಾನೊಬ್ಬನೇ.

ಮೇಜಿನ ಮೇಲಿನ ಕೋಲು ಎತ್ತಿ ಎರಡೂ ಕೈಯಲ್ಲಿ ಆಕೆಯ ಮುಂದೆ ಹಿಡಿದರು.

"ಏಳುನೂರು ಕೊಡಿ, ಅಮ್ಮಾವ್ರೇ," ಅಂದರು. ದನಿ ಕೆಳಗೇ ಇತ್ತು. ಕೊನೇ ಮಾತು ಅಂದ ಮೇಲೆ ಯಾರೂ ಹೇಳದೆ ತಾವೇ ಇಳಿದದ್ದು ಜೀವಮಾನದಲ್ಲಿ ಅದೇ ಮೊದಲು. ಸೋತ ಹಾಗೇನೂ ಅನ್ನಿಸಲಿಲ್ಲ, ಬರಿದೇ ಸುಸ್ತಾಯಿತು.

ಆಕೆ ದುಡ್ಡು ಕೊಟ್ಟು, ಕೋಲನ್ನು ಬಲಗೈಯಲ್ಲಿ ಹಿಡಿದು ಊರಿದರು. ಹಿಡಿ ಸರಿಯಾಗಿ ಮಣಿಕಟ್ಟಿಗೆ ಬಂದಿತ್ತು. ಏನೋ ಹೇಳಬೇಕೆಂದು ಪುಸ್ತಕದ ಪುಟ ತಿರುವಿದರು, ಬೇಕಾದ ಮಾತು ಅದರಲ್ಲಿ ಇರಲಿಲ್ಲ. ಮುಚ್ಚಿ ಚೀಲಕ್ಕೆ ಹಾಕಿ, ಅಜ್ಜನ ಕೈಯನ್ನು ಸ್ವಲ್ಪ ಹೊತ್ತು ಹಿಡಿದುಕೊಂಡು ನಿಂತು, ಬಿಟ್ಟು, ಇಳಿದು ಹೋದರು. ಎಡಗಾಲು, ಬಲಗೈ, ಎರಡೂ ಒಟ್ಟಿಗೆ, ಹೇಳಿಕೊಟ್ಟ ಹಾಗೇ.

ಮೂಲೆಯಲ್ಲಿ ಮರೆಯಾಗುವವರೆಗೂ ಅಜ್ಜ ನೋಡಿದರು. ಆಮೇಲೆ ಸ್ಟೂಲಿನ ಮೇಲೆ ಕುಸಿದು ಕೂತರು. ಗುಂಡುಸೂಜಿ ಹೋಗಿರಲಿಲ್ಲ. ಗರಗಸದ ಹೊಟ್ಟಿನಲ್ಲಿ ಕಾಲ್ಬೆರಳಿನಿಂದ ಗೀಚುತ್ತಾ ನಿಂತಿದ್ದಳು.

"ಅಜ್ಜ, ನಿಮಗೆ ಬೇಜಾರಾಯ್ತಾ?"

"ಆಯ್ತು ಕಣೇ." ಮುಚ್ಚಿಡುವ ಶಕ್ತಿ ಅವರಲ್ಲಿ ಇರಲಿಲ್ಲ. "ಅವಳು ಹಾಗೆ ಹೇಳಿದಾಗೆಲ್ಲ ನಾನು ಬೈತಿದ್ದೆ. ಗಿರಾಕಿ ಅತ್ತ ಹೋಗೋದೇ ತಡ, 'ನನ್ನ ವ್ಯಾಪಾರ ಕೆಡಿಸಿದೆ, ನಿನಗೇನು ಗೊತ್ತಾಗತ್ತೆ, ಬಾಯಿ ಮುಚ್ಕೊಂಡಿರು' ಅಂತ. ಒಂದಿನ ಎರಡು ದಿನ ಅಲ್ಲ, ನಲವತ್ತು ವರ್ಷ. ಜೋರಾಗಿ ಬೈತಿದ್ದೆ."

"ಗೊತ್ತು. ನಮ್ಮಂಗಡೀವರೆಗೂ ಕೇಳೋದು."

"ನಿಜವಾಗ್ಲೂ ಸಿಟ್ಟಲ್ಲೇ ಬೈತಿದ್ದೆ ಮಗಾ." ಅಜ್ಜನ ಕಣ್ಣು ತುಂಬಿತು. "ನೊಂದ್ಕೊಂಡೇ ಹೋದ್ಲು ಅವಳು."

ಗುಂಡುಸೂಜಿ ಅವರನ್ನು ವಿಚಿತ್ರವಾಗಿ ನೋಡಿದಳು. ದೊಡ್ಡವರಿಗೆ ಎಷ್ಟು ಅಂತ ಬಿಡಿಸಿ ಹೇಳುವುದು ಅನ್ನುವ ಮುಖ.

"ಸಿಟ್ಟಲ್ಲೇ ಬೈತಿದ್ರಾ? ಅಜ್ಜಿ ಅದನ್ನ ಆಟ ಅಂದ್ಕೊಂಡಿದ್ರು."

"ಏನಂದೆ?"

"ಹೂಂ. ಕೋಲು ಮಾರಿದ ತಕ್ಷಣ ನಮ್ಮಂಗಡಿಗೆ ಬರ್ತಿದ್ರಲ್ಲ. ಅಮ್ಮನ ಹತ್ರ ಹೇಳೋರು. 'ನಮ್ಮವರು ಏನು ಚೆನ್ನಾಗಿ ಬೈತಾರೆ ಗೊತ್ತಾ, ಹೋಗ್ತಾ ಇರೋ ಗಿರಾಕಿಗೂ ಕೇಳಿಸ್ಬೇಕು, ನಂಗೆ ಕಡಿಮೇಲಿ ಸಿಕ್ತು ಅಂತ ಅವನು ಖುಷಿಯಾಗಿ ಹೋಗ್ಬೇಕು, ಅದಕ್ಕೇ ಅಷ್ಟು ಜೋರು' ಅಂತ. ಹೇಳಿ ಹೇಳಿ ನಗ್ತಿದ್ರು. ಅಮ್ಮನಿಗೆ ನಗು ತಡೀದೆ ಹೊಲಿಗೆ ಸೊಟ್ಟ ಆಗೋದು."

ಅಜ್ಜನ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

"ನಗ್ತಿದ್ಲಾ?"

"ಹೂಂ ಅಜ್ಜ. ತುಂಬಾ."

"ಹೇಗೆ ಹೇಳ್ತಿದ್ಲು? ಇನ್ನೊಂದ್ಸಲ ಹೇಳು."

ಗುಂಡುಸೂಜಿ ಇನ್ನೊಂದು ಸಲ ಹೇಳಿದಳು. ಅಜ್ಜ ಕೇಳಿದರು. ಆಮೇಲೆ ಮತ್ತೊಂದು ಸಲ ಹೇಳಲು ಹೇಳಿದರು.